ಹಾಸನದ ಏಜೆನ್ಸಿಗೆ ಮೊದಲ ಪತ್ರ

ತಿಪಟೂರಿನಲ್ಲಿ ಕೊಬ್ಬರಿ ಚಟ್ನಿಪುಡಿ ಮಾಡುವ ಸಣ್ಣ ಘಟಕವೊಂದಿದೆ ಎಂದುಕೊಳ್ಳೋಣ. ಊರಿನ ಅಂಗಡಿಗಳಲ್ಲಿ ಪುಡಿ ಚೆನ್ನಾಗಿ ಓಡುತ್ತಿದೆ. ಈಗ ಹಾಸನದ ಒಬ್ಬರು ಏಜೆನ್ಸಿ ಕೇಳಿದ್ದಾರೆ. ಅವರಲ್ಲಿ ಗೋಡೌನ್ ಇದೆ, ಗಾಡಿ ಇದೆ, ಬಿಸ್ಕತ್ತು ಮತ್ತು ಸೋಪಿನ ಲೈನ್ ಓಡಿಸಿದ ಅನುಭವವೂ ಇದೆ. ಫೋನಿನಲ್ಲೇ ಮಾತು ಮುಗಿದಿದೆ: "ಹಾಸನ ಜಿಲ್ಲೆ ನಿಮ್ದೇ ಸರ್, ತಿಂಗ್ಳಿಗೆ ಐದು ಲಕ್ಷ ಮಾಡಿಕೊಡಿ, ಎಂಟು ಪರ್ಸೆಂಟ್ ನಿಮಗೆ."

ಆರು ತಿಂಗಳ ಮೇಲೆ ಜಗಳ ಹುಟ್ಟುವುದು ಈ ಒಂದು ವಾಕ್ಯದಿಂದಲೇ. ನಿಮ್ದೇ ಅಂದರೆ ಎಲ್ಲಿಯವರೆಗೆ? ಐದು ಲಕ್ಷದ ಮಾಲನ್ನು ಯಾರು ಯಾರಿಗೆ ಮಾರಬೇಕು? ಎಂಟು ಪರ್ಸೆಂಟ್ ಯಾವುದರ ಮೇಲೆ? ಇವು ಮೂರು ಬೇರೆ ಬೇರೆ ಪ್ರಶ್ನೆಗಳಲ್ಲ, ಒಂದೇ ಲೆಕ್ಕದ ಮೂರು ಸಾಲುಗಳು. ಆ ಲೆಕ್ಕವನ್ನು ಮಾಡಿಕೊಂಡ ಮೇಲೆಯೇ ಮೊದಲ ಪತ್ರ ಬರೆಯಬೇಕು.

ಪ್ರದೇಶದಿಂದ ಶುರು ಮಾಡೋಣ. ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ. ಸಕಲೇಶಪುರ ಘಟ್ಟದ ಅಂಚಿನಲ್ಲಿದೆ. ಅರಸೀಕೆರೆ ಹಾಸನಕ್ಕಿಂತ ತಿಪಟೂರಿಗೇ ಹತ್ತಿರ, ಅಲ್ಲಿಗೆ ನಮ್ಮ ಗಾಡಿಯೇ ಹೋಗಿಬರಬಹುದು. ಒಂದು ಗಾಡಿ, ಒಬ್ಬ ಸೇಲ್ಸ್‌ಮನ್ ಇರುವವರಿಗೆ ಇಡೀ ಜಿಲ್ಲೆ ಬರೆದುಕೊಟ್ಟರೆ ಅವರು ಹಾಸನ ಪೇಟೆಯಲ್ಲಷ್ಟೇ ಓಡಾಡುತ್ತಾರೆ. ಉಳಿದ ತಾಲ್ಲೂಕುಗಳಿಗೆ ತಾವೂ ಹೋಗುವುದಿಲ್ಲ, ಬೇರೆಯವರನ್ನು ಬಿಡಲು ಪತ್ರವೂ ಒಪ್ಪುವುದಿಲ್ಲ. ಆದ್ದರಿಂದ ಗಾಡಿ ವಾರಕ್ಕೊಮ್ಮೆ ಮುಟ್ಟುವಷ್ಟೇ ಜಾಗವನ್ನು ಹೆಸರು ಹಿಡಿದು ಬರೆಯುವುದು ಒಳ್ಳೆಯದು: "ಹಾಸನ ನಗರ, ಹಾಸನ ತಾಲ್ಲೂಕು, ಆಲೂರು ಮತ್ತು ಬೇಲೂರು ತಾಲ್ಲೂಕುಗಳಿಗೆ ತಮ್ಮನ್ನು ವಿತರಕರನ್ನಾಗಿ ನೇಮಿಸಿದ್ದೇವೆ. ಈ ಪ್ರದೇಶದಲ್ಲಿ ಬೇರೆ ವಿತರಕರನ್ನು ನೇಮಿಸುವುದಿಲ್ಲ. ಆನ್‌ಲೈನ್ ಮಾರಾಟ ಮತ್ತು ಸೂಪರ್‌ಮಾರ್ಕೆಟ್ ಸರಣಿಗಳಿಗೆ ನಾವೇ ನೇರವಾಗಿ ಕೊಡುತ್ತೇವೆ." ಕೊನೆಯ ವಾಕ್ಯ ಬರೆಯಲು ಮುಜುಗರವಾಗುತ್ತದೆ. ಆದರೂ ಮೊದಲೇ ಹೇಳಿದರೆ ಅದು ಷರತ್ತು, ಹೊಸ ಸೂಪರ್‌ಮಾರ್ಕೆಟ್ಟಿನ ಶೆಲ್ಫಿನಲ್ಲಿ ನಮ್ಮ ಪ್ಯಾಕೆಟ್ ಕಂಡ ದಿನ ಹೇಳಿದರೆ ಮೋಸ.

ಗುರಿ ಈ ಪ್ರದೇಶದೊಳಗಿಂದಲೇ ಹುಟ್ಟಬೇಕು. ಸೇಲ್ಸ್‌ಮನ್ ದಿನಕ್ಕೆ 35 ಅಂಗಡಿ ಹತ್ತಿಳಿಯುತ್ತಾನೆ ಎಂದಿಟ್ಟುಕೊಂಡರೆ ವಾರದ ಆರು ದಿನಕ್ಕೆ 210 ಅಂಗಡಿಗಳಾದವು. ಅದರಲ್ಲಿ ನೂರು ಅಂಗಡಿಗಳು ನಮ್ಮ ಪುಡಿಯನ್ನು ಸದಾ ಇಟ್ಟುಕೊಂಡು ವಾರಕ್ಕೆ ಹತ್ತು ಪ್ಯಾಕೆಟ್ ಮಾರಿದರೆ ತಿಂಗಳಿಗೆ 4,000 ಪ್ಯಾಕೆಟ್. ಹಳಬರಾದ ಮೇಲೆ ಮುಟ್ಟಬಹುದಾದ ಮಟ್ಟ ಇದು. ಮೊದಲ ತಿಂಗಳು 1,500, ಎರಡನೆಯದು 2,200, ಮೂರನೆಯದು 3,000, ಆರನೆಯ ತಿಂಗಳಿಗೆ 4,000 ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆಯಬೇಕು. ಮೊದಲ ತಿಂಗಳಲ್ಲಿ ಪ್ಯಾಕೆಟ್‌ಗಿಂತ ಅಂಗಡಿಗಳ ಲೆಕ್ಕವೇ ಮುಖ್ಯ. ಅರವತ್ತು ಅಂಗಡಿಗಳಲ್ಲಿ ಮಾಲು ಕೂತಿತೇ, ಅದರಲ್ಲಿ ಎಷ್ಟು ಅಂಗಡಿ ಎರಡನೇ ಸಲ ತರಿಸಿಕೊಂಡವು ಎಂಬುದು ಪುಡಿಯ ಭವಿಷ್ಯ ಹೇಳುತ್ತದೆ.

ಗುರಿಯನ್ನು ಯಾವ ಮಾರಾಟದ ಮೇಲೆ ಇಟ್ಟಿದ್ದೇವೆ ಎಂಬುದೂ ಪತ್ರದಲ್ಲಿ ಸ್ಪಷ್ಟವಿರಬೇಕು. ನಾವು ವಿತರಕರಿಗೆ ಬಿಲ್ ಮಾಡಿದ್ದು ಪ್ರೈಮರಿ. ಅವರು ಅಂಗಡಿಗಳಿಗೆ ಮಾರಿದ್ದು ಸೆಕೆಂಡರಿ. ಪ್ರೈಮರಿಗೆ ಗುರಿ ಇಟ್ಟರೆ ತಿಂಗಳ 30ನೇ ತಾರೀಕು ನಮ್ಮ ಕಡೆಯವರೇ ಫೋನ್ ಮಾಡಿ, ಇನ್ನೊಂದೈವತ್ತು ಬಾಕ್ಸ್ ಎತ್ತಿಬಿಡಿ ಅನ್ನುತ್ತಾರೆ. ಪುಸ್ತಕದಲ್ಲಿ ಗುರಿ ಮುಟ್ಟುತ್ತದೆ, ಗೋಡೌನಿನಲ್ಲಿ ಪುಡಿ ಮುಗ್ಗುತ್ತದೆ. ಕೊಬ್ಬರಿಯ ಎಣ್ಣೆಯಂಶ ಕಮಟು ಹಿಡಿಯಲು ತಡವಾಗದು, ಅವಧಿ ಮುಗಿದ ಪ್ಯಾಕೆಟ್‌ಗಳು ನಮ್ಮ ಬಾಗಿಲಿಗೇ ವಾಪಸ್ ಬರುತ್ತವೆ. ಹೀಗಾಗುತ್ತಿದೆಯೇ ಎಂದು ತಿಳಿಯಲು ತಿಂಗಳ ಕೊನೆಯ ದಾಸ್ತಾನು ಕೇಳಿದರೆ ಸಾಕು. ಹದಿನೈದು ದಿನದ ಮಾರಾಟಕ್ಕಿಂತ ಹೆಚ್ಚು ಮಾಲಿದ್ದರೆ ಅದು ತುಂಬಿಸಿದ ಮಾಲು. ಗುರಿ ಸೆಕೆಂಡರಿಯದ್ದು, ದಾಸ್ತಾನು ಹದಿನೈದು ದಿನ ಮೀರಿದರೆ ನಾವೇ ಬಿಲ್ ನಿಲ್ಲಿಸುತ್ತೇವೆ ಎಂದು ಪತ್ರದಲ್ಲಿ ಬರೆದರೆ ವಿತರಕರಿಗೂ ನಂಬಿಕೆ ಬರುತ್ತದೆ.

ಇನ್ನು ಮಾರ್ಜಿನ್. ಪ್ಯಾಕೆಟ್ಟಿನ ಎಂಆರ್‌ಪಿ 105 ರೂಪಾಯಿ, ಜಿಎಸ್‌ಟಿ ಶೇ 5 ಎಂದಿಟ್ಟುಕೊಂಡರೆ ತೆರಿಗೆ ಕಳೆದು ಉಳಿಯುವುದು 100. ಅಂಗಡಿಗೆ ಶೇ 15, ವಿತರಕರಿಗೆ ಶೇ 8 ಎಂದು ಮಾತಾಗಿದೆ. ಮಾರುವ ಬೆಲೆಯಿಂದ ಕೆಳಕ್ಕೆ ಕಳೆಯುತ್ತಾ ಬಂದರೆ ಅಂಗಡಿಗೆ 85ಕ್ಕೆ, ವಿತರಕರಿಗೆ 78.20ಕ್ಕೆ ಮಾಲು ಹೋಗುತ್ತದೆ. ಕೊಳ್ಳುವ ಬೆಲೆಯ ಮೇಲೆ ಸೇರಿಸುವ ಲೆಕ್ಕವಾದರೆ ಅಂಗಡಿಯ ಬೆಲೆ 86.96, ವಿತರಕರದ್ದು ಸುಮಾರು 80.52. ಪ್ಯಾಕೆಟ್ಟಿಗೆ ಎರಡೂಕಾಲು ರೂಪಾಯಿಗಿಂತ ಹೆಚ್ಚಿನ ಅಂತರ. 4,000 ಪ್ಯಾಕೆಟ್ಟಿಗೆ ತಿಂಗಳಿಗೆ ಒಂಬತ್ತು ಸಾವಿರ ದಾಟಿತು. ಎರಡು ಲೆಕ್ಕಕ್ಕೂ ವ್ಯಾಪಾರದಲ್ಲಿ ಬಳಕೆಯಿದೆ, ಹಾಗಾಗಿ ಯಾರದ್ದೂ ಸುಳ್ಳಲ್ಲ. ಪರ್ಸೆಂಟ್ ಬರೆದು ಬಿಡುವ ಬದಲು ರೂಪಾಯಿಯಲ್ಲೇ ಬರೆಯಿರಿ: "ತಮ್ಮ ಖರೀದಿ ಬೆಲೆ ₹78.20, ಅಂಗಡಿಗೆ ನಾವು ಸೂಚಿಸುವ ಬೆಲೆ ₹85.00, ಎರಡೂ ತೆರಿಗೆ ಬಿಟ್ಟು. ತಾವು ಇದಕ್ಕಿಂತ ಕಡಿಮೆಗೂ ಮಾರಬಹುದು." ಕಡೆಯ ಮಾತಿಗೆ ಕಾರಣವಿದೆ. ಇಂತಿಷ್ಟಕ್ಕೇ ಮಾರಬೇಕೆಂದು ಕಟ್ಟಿಹಾಕುವುದು 2002ರ ಸ್ಪರ್ಧಾ ಕಾಯ್ದೆಯ ಪರಿಶೀಲನೆಗೆ ಒಳಪಡುವ ವಿಷಯ.

ಈಗ ಅವರ ಕುರ್ಚಿಯಲ್ಲಿ ಕೂತು ನೋಡೋಣ. ಪ್ಯಾಕೆಟ್ಟಿಗೆ ಅವರಿಗೆ ಸಿಗುವುದು 6.80. ಸೇಲ್ಸ್‌ಮನ್ ಮತ್ತು ಗಾಡಿ ಬೇರೆ ಕಂಪನಿಗಳ ಮಾಲನ್ನೂ ಹೊರುತ್ತವೆ. ನಮ್ಮ ಪಾಲಿನ ಖರ್ಚು ತಿಂಗಳಿಗೆ 15,000 ಎಂದುಕೊಳ್ಳಿ. ಸುಮಾರು 2,200 ಪ್ಯಾಕೆಟ್ ಹೋಗುವವರೆಗೆ ಅವರಿಗೆ ಒಂದು ರೂಪಾಯಿಯೂ ಉಳಿಯದು. ಮೊದಲ ತಿಂಗಳ 1,500ಕ್ಕೆ ಬರುವುದು 10,200, ಅಂದರೆ 4,800 ಕೈಯಿಂದಲೇ. 4,000 ಮುಟ್ಟಿದಾಗ ಮಾತ್ರ 27,200 ಬಂದು ಖರ್ಚು ಕಳೆದು 12,200 ಉಳಿಯುತ್ತದೆ. ಅಷ್ಟು ಮಾಡಲು ಹದಿನೈದು ದಿನದ ದಾಸ್ತಾನು, ಅಂಗಡಿಗಳಿಗೆ ಹದಿನೈದು ದಿನದ ಉದ್ರಿ ಸೇರಿ ಸುಮಾರು 3.26 ಲಕ್ಷ ಸಿಕ್ಕಿಕೊಂಡಿರುತ್ತದೆ. ಅದೇ ದುಡ್ಡನ್ನು ಬಿಸ್ಕತ್ತಿಗೆ ಹಾಕಿದ್ದರೆ ಎಷ್ಟು ಬರುತ್ತಿತ್ತು ಎಂದು ಅವರು ಖಂಡಿತ ಲೆಕ್ಕ ಹಾಕುತ್ತಾರೆ.

ಫೋನಿನಲ್ಲಿ ಹೇಳಿದ ಐದು ಲಕ್ಷ ಎಲ್ಲಿ ಹೋಯಿತು? ಅದಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 6,400 ಪ್ಯಾಕೆಟ್ ಮಾರಬೇಕು. ಒಂದು ಗಾಡಿ ಸುತ್ತುವ ಮೂರು ತಾಲ್ಲೂಕಿನಲ್ಲಿ ಅಷ್ಟು ಅಂಗಡಿಗಳೇ ನಮಗೆ ಸಿಗುವುದಿಲ್ಲ. 4,000 ಪ್ಯಾಕೆಟ್ ಅಂದರೆ 3.13 ಲಕ್ಷದ ಖರೀದಿ. ಆ ಅಂಕಿಯನ್ನು ಬರೆದು, ಫೋನಿನಲ್ಲಿ ಆಡಿದ ಮಾತನ್ನು ತಿದ್ದಿದ್ದೇವೆ ಎಂದು ಪತ್ರದಲ್ಲೇ ಒಪ್ಪಿಕೊಳ್ಳಬೇಕು. ಮೊದಲ ಎರಡು ತಿಂಗಳು ಸೇಲ್ಸ್‌ಮನ್ ಖರ್ಚಿಗೆ 5,000 ನಾವು ಕೊಡುತ್ತೇವೆ ಎಂಬ ಸಾಲನ್ನೂ ಸೇರಿಸಬೇಕು. ಇಲ್ಲದಿದ್ದರೆ ಮೂರನೇ ವಾರಕ್ಕೆ ಸೇಲ್ಸ್‌ಮನ್ ನಮ್ಮ ಪುಡಿಯನ್ನು ಗಾಡಿಯಿಂದ ಇಳಿಸುವುದನ್ನೇ ಮರೆಯುತ್ತಾನೆ.

ಗುರಿ ತಪ್ಪಿದರೆ ಏನು ಎಂಬುದನ್ನು ಬೆದರಿಕೆಯಾಗಿ ಬರೆಯುವ ಚಾಳಿ ನನಗೆ ಸರಿಕಾಣುವುದಿಲ್ಲ. ಒಂದು ತಿಂಗಳು ತಪ್ಪುವುದಕ್ಕೆ ಮಳೆ, ಹಬ್ಬ, ನಮ್ಮದೇ ಸಪ್ಲೈ ತಡ, ಹೀಗೆ ನೂರು ಕಾರಣಗಳಿರುತ್ತವೆ. ನಾನಾದರೆ ಪತ್ರವನ್ನು ಹೀಗೆ ಮುಗಿಸುತ್ತೇನೆ: "ಮೂರನೇ ತಿಂಗಳ ಕೊನೆಗೆ ತಮ್ಮ ಲೈನ್ ಪುಸ್ತಕ, ನಮ್ಮ ಬಿಲ್ ಪುಸ್ತಕ ಎರಡನ್ನೂ ಇಟ್ಟುಕೊಂಡು ಹಾಸನದಲ್ಲೇ ಕೂತು ನೋಡೋಣ. ಸತತ ಮೂರು ತಿಂಗಳು ಗುರಿಯ ಮುಕ್ಕಾಲು ಪಾಲೂ ಆಗದಿದ್ದರೆ ಬೇಲೂರು ತಾಲ್ಲೂಕನ್ನು ಬೇರೆಯವರಿಗೆ ಕೊಡುವ ಬಗ್ಗೆ ತಮ್ಮೊಡನೆ ಮಾತಾಡಿಯೇ ತೀರ್ಮಾನಿಸುತ್ತೇವೆ. ಒಪ್ಪಿಗೆಯಾದರೆ ಇನ್ನೊಂದು ಪ್ರತಿಗೆ ಸಹಿ ಹಾಕಿ, ತಮ್ಮ ಆಹಾರ ಪರವಾನಗಿಯ ಪ್ರತಿಯೊಂದಿಗೆ ಕಳಿಸಿಕೊಡಿ. ಅದು ಬಂದ ಮೇಲೆ ಮೊದಲ 750 ಪ್ಯಾಕೆಟ್ ಲೋಡ್ ಮಾಡುತ್ತೇವೆ."