ಹೊಸ ನಲ್ಲಿಯ ಮೊದಲ ನೀರು

ಗೃಹಪ್ರವೇಶದ ಹಿಂದಿನ ದಿನ ಸಂಜೆ ಪ್ಲಂಬರ್ ಕೊನೆಯ ನಲ್ಲಿ ತಿರುಗಿಸಿ, ಮೋಟಾರ್ ಹಾಕಿ, "ನೀರು ಬಂತು ನೋಡಿ ಸಾರ್" ಅನ್ನುತ್ತಾನೆ. ಮಾರನೇ ಬೆಳಿಗ್ಗೆ ಅದೇ ನೀರಿನಲ್ಲಿ ನೂರಾರು ಜನರ ಅಡುಗೆ. ಪೈಪು ಹೊಸದು, ಟ್ಯಾಂಕು ಹೊಸದು, ಇನ್ನೇನು ಕೊಳೆ ಇರಲು ಸಾಧ್ಯ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಆ ಪೈಪು ಗೋಡೆಯೊಳಗೆ ಸೇರುವ ಮುನ್ನ ವಾರಗಟ್ಟಲೆ ಸೈಟಿನ ಮಣ್ಣಿನಲ್ಲಿ ಬಿದ್ದಿತ್ತು. ತೆರೆದ ಬಾಯಿಯೊಳಗೆ ಮರಳು, ಇರುವೆ, ಹಲ್ಲಿಯ ಹಿಕ್ಕೆ ಹೋಗಿವೆ. ಟ್ಯಾಂಕಿನೊಳಗೆ ಕೆಲಸದವರು ಚಪ್ಪಲಿ ಹಾಕಿಕೊಂಡೇ ಇಳಿದಿದ್ದಾರೆ.

ಹಾಗಾಗಿ ಗೃಹಪ್ರವೇಶಕ್ಕೆ ನಾಲ್ಕೈದು ದಿನ ಇರುವಾಗಲೇ ಈ ಕೆಲಸ ಮುಗಿಯಬೇಕು. ಸಾವಿರ ಲೀಟರಿನ ಪ್ಲಾಸ್ಟಿಕ್ ಓವರ್‌ಹೆಡ್ ಟ್ಯಾಂಕ್ ಇರುವ ಎರಡಂತಸ್ತಿನ ಮನೆಯನ್ನೇ ತೆಗೆದುಕೊಳ್ಳೋಣ.

ಮೊದಲು ಬರಿ ನೀರಿನಲ್ಲೇ ತೊಳೆಯಬೇಕು. ಟ್ಯಾಂಕಿನ ತಳ ಉಜ್ಜಿ, ಕೆಸರು ಹೊರಹಾಕಿ, ಮತ್ತೆ ತುಂಬಿಸಿ, ಎಲ್ಲ ನಲ್ಲಿಗಳನ್ನೂ ಪೂರ್ತಿ ತೆರೆದು ಹರಿಯಬಿಡಬೇಕು. ನಲ್ಲಿಯ ತುದಿಯ ಜಾಲರಿಯನ್ನು ಬಿಚ್ಚಿಟ್ಟಿರಬೇಕು. ಇಲ್ಲದಿದ್ದರೆ ಪೈಪು ಕೊಯ್ದ ಪುಡಿಯೆಲ್ಲ ಅಲ್ಲೇ ಕಟ್ಟಿಕೊಳ್ಳುತ್ತದೆ. ಈ ತೊಳೆತವನ್ನು ಬಿಟ್ಟು ನೇರ ಔಷಧಿ ಹಾಕುವವರಿದ್ದಾರೆ, ಅದು ದಂಡ. ಕ್ಲೋರಿನ್ ಸಿಕ್ಕ ಕೊಳೆಯ ಜೊತೆಗೆಲ್ಲ ಸೆಣಸಿ ಖರ್ಚಾಗುತ್ತದೆ, ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ.

ಕಟ್ಟಡಗಳ ನೀರು ಸರಬರಾಜಿನ ಭಾರತೀಯ ಮಾನಕ ಸಂಹಿತೆ ಹೇಳುವ ಪ್ರಮಾಣ ಹತ್ತು ಲಕ್ಷ ಭಾಗ ನೀರಿಗೆ 50 ಭಾಗ ಕ್ಲೋರಿನ್, ಅಂದರೆ ಸಾವಿರ ಲೀಟರಿಗೆ 50 ಗ್ರಾಂ. ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು ಮೂರರಲ್ಲೊಂದು ಭಾಗ ಕ್ಲೋರಿನ್ ಎಂದು ಹಿಡಿದು, 150 ಗ್ರಾಂ ಪೌಡರ್ ಎಂಬ ಲೆಕ್ಕ. ಇದು ಹೊಸ ಪ್ಯಾಕೆಟ್‌ನ ಮಾತು. ಅಂಗಡಿಯ ಮೂಲೆಯಲ್ಲಿ ಕುಳಿತು ಸೆಕೆ ಕುಡಿದ ಪೌಡರ್ ಸಾರ ಕಳೆದುಕೊಂಡಿರುತ್ತದೆ. ಗಟ್ಟಿಯಾಗಿ ಗಂಟು ಕಟ್ಟಿದ್ದರೆ, ಘಾಟು ಇಲ್ಲದಿದ್ದರೆ, ಅದನ್ನು ತರಲೇಬೇಡಿ. ಸ್ವಲ್ಪ ಹಳೆಯದು ಎನಿಸಿದರೆ 200 ಗ್ರಾಂ ಹಾಕುವುದು ಲೇಸು.

ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಕೆಟ್ ತುಂಬ ನೀರು ಬೆರೆಸಿ ಅರ್ಧ ಗಂಟೆ ಬಿಡಬೇಕು. ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಟ್ಯಾಂಕ್ ತುಂಬುತ್ತಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಸುರಿದರೆ ಬೀಳುವ ನೀರೇ ಕಲಕಿಕೊಳ್ಳುತ್ತದೆ. ಹೊಸ ಮನೆಯಲ್ಲಿ ಟೈಲ್ಸ್ ತೊಳೆಯಲು ಆಸಿಡ್ ಬಾಟಲಿ ಇದ್ದೇ ಇರುತ್ತದೆ. ಅದೂ ಬ್ಲೀಚಿಂಗ್ ಪೌಡರೂ ಒಂದು ಬಕೆಟ್ಟಿನಲ್ಲಿ ಸೇರಿದರೆ ವಿಷಗಾಳಿ ಏಳುತ್ತದೆ. ಅಂದು ಆಸಿಡ್ ಕೆಲಸ ಬೇಡವೇ ಬೇಡ.

ಔಷಧಿ ಟ್ಯಾಂಕಿನಲ್ಲಿದ್ದರೆ ಸಾಲದು, ಪೈಪಿನ ಕಟ್ಟಕಡೆಯವರೆಗೂ ಹೋಗಬೇಕು. ಬಹುತೇಕ ಮನೆಗಳಲ್ಲಿ ಎಡವುವುದು ಇಲ್ಲೇ. ಟ್ಯಾಂಕ್ ತುಂಬಿದ ಮೇಲೆ ಮೋಟಾರ್ ನಿಲ್ಲಿಸಿ, ಟ್ಯಾಂಕಿಗೆ ಹತ್ತಿರದ ನಲ್ಲಿಯನ್ನು ಮೊದಲು ತೆರೆಯಬೇಕು. ಕ್ಲೋರಿನ್ ವಾಸನೆ ಮೂಗಿಗೆ ಬಡಿದ ಕೂಡಲೇ ಮುಚ್ಚಿ, ಮುಂದಿನದಕ್ಕೆ ಹೋಗಬೇಕು. ಹೀಗೆ ಕೆಳಮನೆಯ ಅಂಗಳದ ನಲ್ಲಿಯವರೆಗೆ. ಶವರ್, ಫ್ಲಶ್ ಟ್ಯಾಂಕ್, ಮುಂದೆ ವಾಷಿಂಗ್ ಮಷೀನ್ ಇಡುವ ಜಾಗದಲ್ಲಿ ಡಮ್ಮಿ ಹಾಕಿದ ಪಾಯಿಂಟ್, ಒಂದನ್ನೂ ಬಿಡುವಂತಿಲ್ಲ. ಆರ್‌ಒ ಯಂತ್ರವನ್ನು ಮಾತ್ರ ಕಳಚಿಡಿ, ಅದರ ಪೊರೆ ಕ್ಲೋರಿನ್‌ಗೆ ಹಾಳಾಗುತ್ತದೆ. ಪೈಪಿಗೆ ಇಳಿದಷ್ಟು ನೀರನ್ನು ಅದೇ ಪ್ರಮಾಣದ ಔಷಧಿಯೊಂದಿಗೆ ಟ್ಯಾಂಕಿಗೆ ಮತ್ತೆ ತುಂಬಿ, ಕನಿಷ್ಠ ಮೂರು ಗಂಟೆ ಮುಟ್ಟದೆ ಬಿಡಬೇಕು. ರಾತ್ರಿಯಿಡೀ ಬಿಟ್ಟರೆ ನನಗೆ ಹೆಚ್ಚು ಸಮಾಧಾನ. "ಬಳಸಬೇಡಿ" ಎಂದು ನಲ್ಲಿಗಳಿಗೆ ಚೀಟಿ ಅಂಟಿಸಿ. ಪೇಂಟ್ ಕೆಲಸದವರು ಬಾಯಾರಿದಾಗ ಕೇಳಿ ಕುಡಿಯುವುದಿಲ್ಲ.

ಅವಧಿ ಮುಗಿದ ಮೇಲೆ ಅತಿ ದೂರದ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ನೋಡಬೇಕು. ಗುಲಾಬಿ ಬಣ್ಣ ಕೊಡುವ ಡಿಪಿಡಿ ಮಾತ್ರೆಯಲ್ಲಿ ಒಂದು ಮೋಸವಿದೆ: ಕ್ಲೋರಿನ್ ತೀರಾ ಹೆಚ್ಚಿದ್ದರೆ ಅದು ಬಣ್ಣವನ್ನೇ ಅಳಿಸಿಬಿಡುತ್ತದೆ, ನೋಡಿದವರಿಗೆ ಕ್ಲೋರಿನ್ನೇ ಇಲ್ಲ ಎನಿಸುತ್ತದೆ. ಹಾಗಾಗಿ ಒಂದು ಭಾಗಕ್ಕೆ ಒಂಬತ್ತು ಭಾಗ ಕ್ಲೋರಿನ್ ಹಾಕದ ನೀರು ಸೇರಿಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಏನೂ ಉಳಿದಿಲ್ಲವೆಂದರೆ ಒಳಗೆಲ್ಲೋ ಕೊಳೆ ಬಾಕಿಯಿದೆ, ಮೊದಲಿನಿಂದ ಮಾಡಬೇಕು.

ಉಳಿದಿದ್ದರೆ ಆ ನೀರನ್ನು ಖಾಲಿ ಜಾಗಕ್ಕೆ ಬಿಡಿ. ತೆಂಗಿನ ಬುಡ, ಕೆರೆ, ಸೆಪ್ಟಿಕ್ ಟ್ಯಾಂಕ್ ಬೇಡ. ಆಮೇಲೆ ಘಾಟು ಹೋಗುವವರೆಗೂ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಬೋರ್‌ವೆಲ್ಲಿನ ಗಡಸುತನವನ್ನಾಗಲಿ ಫ್ಲೋರೈಡನ್ನಾಗಲಿ ಈ ಕೆಲಸ ತೆಗೆಯುವುದಿಲ್ಲ, ಅದು ಬೇರೆಯೇ ಲೆಕ್ಕ.

ಒಂದು ದಿನ ಬಿಟ್ಟು ಎಚ್‌2ಎಸ್ ಬಾಟಲಿಯಲ್ಲಿ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಿ. ಎರಡು ದಿನದೊಳಗೆ ಕಪ್ಪಾದರೆ ಮಲಿನತೆಯ ಶಂಕೆ. ಒಂದೇ ನಲ್ಲಿಯದು ಕಪ್ಪಾದರೆ ಆ ಕವಲಿಗೆ ಔಷಧಿ ತಲುಪಿಲ್ಲ. ಟ್ಯಾಂಕಿನದೂ ಕಪ್ಪಾಗಿ ಬಂದರೆ ಸಂಪಿಗೂ ಬೋರ್‌ವೆಲ್ಲಿಗೂ ಹೋಗಿ ನೋಡಬೇಕು.