ಕೆರೆ ನೋಡಿ ಬಂದ ಸಮಿತಿ ಬರೆಯುವುದೇನು?

ಬೆಳ್ಳಂದೂರು ಕೆರೆಯ ನೊರೆ, ಬೆಂಕಿಯ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ನ್ಯಾ. ಸಂತೋಷ್ ಹೆಗ್ಡೆ ನೇತೃತ್ವದ ಉಸ್ತುವಾರಿ ಸಮಿತಿ ರಚಿಸಿತು. ಇಂಥ ಸಮಿತಿಗಳು ಸ್ಥಳಕ್ಕೆ ಹೋಗಿ ಬಂದ ಮೇಲೆ ಪರಿಶೀಲನಾ ಟಿಪ್ಪಣಿ ಸಿದ್ಧಪಡಿಸುತ್ತವೆ.

ಅದರಲ್ಲಿ ಮೊದಲು ದಿನಾಂಕ, ಹಾಜರಿದ್ದವರ ಪಟ್ಟಿ ಇರುತ್ತದೆ. ನಂತರ ಕಂಡದ್ದು. ‘ಕೆರೆ ಮಲಿನವಾಗಿದೆ’ ಎಂದು ಬರೆದರೆ ಯಾರನ್ನೂ ಹೊಣೆ ಮಾಡಲಾಗದು. ‘ರಾಜಕಾಲುವೆ ಕೆರೆಗೆ ಸೇರುವಲ್ಲಿ, ಎಡದಂಡೆಯ ಕೊಳವೆಯಿಂದ ಕಪ್ಪು ನೀರು ಹರಿಯುತ್ತಿತ್ತು, ಚಿತ್ರ 4 ನೋಡಿ’ ಎಂದರೆ ಜಾಗ ಗುರುತಿಸಬಹುದು. ಚಿತ್ರಕ್ಕೆ ಸಮಯ, ಅಕ್ಷಾಂಶ–ರೇಖಾಂಶ ಬೇಕು. ಇಲ್ಲದಿದ್ದರೆ ‘ಅದು ನಮ್ಮ ಕೊಳವೆಯಲ್ಲ’ ಎಂದು ಇಲಾಖೆ ಜಾರಿಕೊಳ್ಳುತ್ತದೆ. ನೀರಿನ ಬಣ್ಣವನ್ನು ಚಿತ್ರ ತೋರಿಸುತ್ತದೆ, ಅದರಲ್ಲೇನಿದೆ ಎಂಬುದನ್ನಲ್ಲ. ಅದಕ್ಕೆ ಮಾದರಿ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು.

ಕೊನೆಯಲ್ಲಿ ನಿರ್ದೇಶನ. ‘ಸೂಕ್ತ ಕ್ರಮ ಕೈಗೊಳ್ಳುವುದು’ ಎಂಬ ಸಾಲಿನಿಂದ ಏನೂ ಆಗುವುದಿಲ್ಲ. ಕೊಳವೆಯನ್ನು ಒಳಚರಂಡಿಗೆ ಜೋಡಿಸಬೇಕಾದವರು ಜಲಮಂಡಳಿಯವರೇ, ಯಾವ ತಾರೀಖಿನೊಳಗೆ, ಪಾಲನಾ ವರದಿ ಯಾರಿಗೆ ಎಂಬುದು ಸ್ಪಷ್ಟವಿರಬೇಕು. ಮುಂದಿನ ಭೇಟಿಯಲ್ಲಿ ಅದೇ ಜಾಗದಿಂದ ಮತ್ತೆ ಚಿತ್ರ ತೆಗೆದರೆ ಕೆಲಸವಾಯಿತೋ ಇಲ್ಲವೋ ತಿಳಿಯುತ್ತದೆ.

ನಿಮ್ಮೂರ ಕೆರೆಗೂ ಸಮಿತಿ ಬಂದು ಹೋಗಿದ್ದರೆ ಮಾಹಿತಿ ಹಕ್ಕಿನಡಿ ಆ ಟಿಪ್ಪಣಿಯನ್ನು ಚಿತ್ರಗಳ ಸಮೇತ ಕೇಳಿ.