ಹದಿನೆಂಟರ ಮಗ್ಗಿಯಲ್ಲಿ ಓಡುವ ರೈಲು

ಮಿರಜ ತಾಲೂಕಿನ ಮಾಲಗಾಂವಕ್ಕೆ ಮಿರಜ ಜಂಕ್ಷನ್ ಹತ್ತಿರದ ದೊಡ್ಡ ನಿಲ್ದಾಣ. ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರ, ಈ ನಾಲ್ಕೂ ಕಡೆಯ ಹಳಿಗಳು ಅಲ್ಲಿ ಕೂಡುತ್ತವೆ. ಇಲ್ಲಿಯ ಮಕ್ಕಳು ರೈಲ್ವೆ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಮರಾಠಿಯಲ್ಲೂ ಬರೆಯಬಹುದು. ಯಾವ ಭಾಷೆಯಲ್ಲಿ ಬರೆದರೂ ಒಂದು ಲೆಕ್ಕ ಮಾತ್ರ ತಪ್ಪದೆ ಎದುರಾಗುತ್ತದೆ:

240 ಮೀಟರ್ ಉದ್ದದ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. 360 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ಪೂರ್ತಿ ದಾಟಲು ಅದಕ್ಕೆ ಎಷ್ಟು ಸೆಕೆಂಡು ಬೇಕು?

ಆಯ್ಕೆಗಳು 8.33, 12, 18 ಮತ್ತು 30 ಎಂದಿರಲಿ. ಇವುಗಳಲ್ಲಿ ಯಾವುದೂ ಸುಮ್ಮನೆ ಬಂದ ಸಂಖ್ಯೆಯಲ್ಲ. ರೈಲಿನ ಉದ್ದವನ್ನಷ್ಟೇ ಹಿಡಿದು ಲೆಕ್ಕ ಹಾಕಿದವರಿಗೆ 12 ಬರುತ್ತದೆ. ಪ್ಲಾಟ್‌ಫಾರ್ಮಿನ ಉದ್ದವನ್ನಷ್ಟೇ ಹಿಡಿದವರಿಗೆ 18 ಬರುತ್ತದೆ. ಎರಡನ್ನೂ ಸರಿಯಾಗಿ ಕೂಡಿಸಿ 600 ಮೀಟರ್ ಮಾಡಿಕೊಂಡು, ವೇಗವನ್ನು ಬದಲಿಸದೆ 72ರಿಂದ ಭಾಗಿಸಿದವರಿಗೆ 8.33 ಸಿಗುತ್ತದೆ. ಪ್ರಶ್ನೆ ತೆಗೆಯುವವರು ತಪ್ಪು ಉತ್ತರಗಳನ್ನು ಹೀಗೆಯೇ ಹುಡುಕುತ್ತಾರೆ. ತನಗೆ ಬಂದ ಉತ್ತರ ಆಯ್ಕೆಗಳಲ್ಲಿ ಕಂಡಿತೆಂದು ವಿದ್ಯಾರ್ಥಿ ಗುರುತು ಹಾಕಿ ಮುಂದೆ ಹೋಗಿಬಿಡುತ್ತಾನೆ.

ಉದ್ದ ಮೀಟರಿನಲ್ಲಿದೆ, ಉತ್ತರ ಸೆಕೆಂಡಿನಲ್ಲಿ ಬೇಕು. ಆದ್ದರಿಂದ ವೇಗವೂ ಸೆಕೆಂಡಿಗೆ ಇಷ್ಟು ಮೀಟರ್ ಎಂದಾಗಬೇಕು. ಒಂದು ಕಿಲೋಮೀಟರ್ ಎಂದರೆ 1000 ಮೀಟರ್, ಒಂದು ಗಂಟೆ ಎಂದರೆ 3600 ಸೆಕೆಂಡು. ಗಂಟೆಗೆ ಒಂದು ಕಿಲೋಮೀಟರ್ ಎಂದರೆ 3600 ಸೆಕೆಂಡಿನಲ್ಲಿ 1000 ಮೀಟರ್. 1000/3600ರ ಮೇಲೆ ಕೆಳಗೆ ಎರಡನ್ನೂ 200ರಿಂದ ಭಾಗಿಸಿದರೆ ಉಳಿಯುವುದು 5/18. ಎಲ್ಲರೂ ಬಾಯಿಪಾಠ ಮಾಡುವ ಆ ಭಿನ್ನರಾಶಿ ಹುಟ್ಟುವುದು ಹೀಗೆ. 72ನ್ನು 5/18ರಿಂದ ಗುಣಿಸಿದರೆ 20. ಸೆಕೆಂಡಿಗೆ 20 ಮೀಟರ್ ಹೋಗುವ ರೈಲು 600 ಮೀಟರ್ ಸಾಗಲು 30 ಸೆಕೆಂಡು ತೆಗೆದುಕೊಳ್ಳುತ್ತದೆ.

ಪರೀಕ್ಷೆಯ ಗಡಿಬಿಡಿಯಲ್ಲಿ 5/18ರಿಂದ ಗುಣಿಸಬೇಕೋ 18/5ರಿಂದಲೋ ಎಂಬ ಗೊಂದಲ ಹಲವರಿಗೆ ಆಗುತ್ತದೆ. ಇದಕ್ಕೆ ಸೂತ್ರ ನೆನಪಿಡುವುದಕ್ಕಿಂತ ನಡೆಯುವ ಮನುಷ್ಯನನ್ನು ನೆನಪಿಡುವುದು ಒಳ್ಳೆಯದು. ಸರಾಗವಾಗಿ ನಡೆಯುವವನ ವೇಗ ಗಂಟೆಗೆ ಸುಮಾರು 5 ಕಿ.ಮೀ. ಅವನು ಒಂದು ಸೆಕೆಂಡಿನಲ್ಲಿ ಹಾಕುವುದು ಎರಡು ಹೆಜ್ಜೆ, ಸಾಗುವುದು ಒಂದೂವರೆ ಮೀಟರಿಗೂ ಕಡಿಮೆ. ಅಂದಮೇಲೆ ಸೆಕೆಂಡಿನ ಲೆಕ್ಕಕ್ಕೆ ಬಂದಾಗ ಸಂಖ್ಯೆ ಚಿಕ್ಕದಾಗಲೇಬೇಕು. ಅದೇ 5ನ್ನು 18/5ರಿಂದ ಗುಣಿಸಿದರೆ 18 ಬರುತ್ತದೆ. ಸೆಕೆಂಡಿಗೆ 18 ಮೀಟರ್ ನಡೆಯುವ ಮನುಷ್ಯ ಎಲ್ಲಿಯೂ ಇಲ್ಲ.

ಈಗ ಸುಲಭ ದಾರಿಗಳ ಮಾತು. ಮೊದಲನೆಯದು ಹದಿನೆಂಟರ ಮಗ್ಗಿ. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಅಲ್ಲಿಂದ ಮುಂದೆ ಒಂದು ಕಡೆ ಹದಿನೆಂಟು ಏರಿದಂತೆ ಇನ್ನೊಂದು ಕಡೆ ಐದು ಏರುತ್ತದೆ: 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25, 108ಕ್ಕೆ 30, 126ಕ್ಕೆ 35, 144ಕ್ಕೆ 40. ಲೆಕ್ಕದ ಪುಸ್ತಕಗಳಲ್ಲಿ ರೈಲುಗಳು ಮತ್ತೆ ಮತ್ತೆ 54, 72, 90ರಲ್ಲೇ ಓಡುವುದು ಉತ್ತರ ಪೂರ್ಣಸಂಖ್ಯೆಯಾಗಿ ಬರಲೆಂದು. ಒಂಬತ್ತರ ಬೆಸ ಗುಣಕಗಳಿಗೆ ಅರ್ಧ ಸೇರುತ್ತದೆ: 45ಕ್ಕೆ 12.5, 63ಕ್ಕೆ 17.5, 81ಕ್ಕೆ 22.5. ಇಷ್ಟು ಬಾಯಿಗೆ ಬಂದರೆ ಹೆಚ್ಚಿನ ಪ್ರಶ್ನೆಗಳಲ್ಲಿ ಗುಣಾಕಾರವೇ ಬೇಕಾಗುವುದಿಲ್ಲ. ಮಗ್ಗಿಯ ನಡುವೆ ಬೀಳುವ ಸಂಖ್ಯೆ ಬಂದರೆ ಹತ್ತಿರದ ಮೆಟ್ಟಿಲಿನಿಂದ ಹೊರಡಬಹುದು. 110 ಎಂದರೆ 108ಕ್ಕಿಂತ 2 ಹೆಚ್ಚು. ಗಂಟೆಗೆ ಒಂದು ಕಿ.ಮೀ.ಗೆ ಸೆಕೆಂಡಿಗೆ 0.28 ಮೀಟರ್ ಎಂದು ಹಿಡಿದರೆ 30ಕ್ಕೆ 0.56 ಕೂಡಿ 30.56 ಆಗುತ್ತದೆ.

ಎರಡನೆಯ ದಾರಿ ತಿರುಗುಮುರುಗು ಲೆಕ್ಕಕ್ಕೆ. ಸೆಕೆಂಡಿನ ಮೀಟರನ್ನು ಗಂಟೆಯ ಕಿಲೋಮೀಟರಿಗೆ ಒಯ್ಯಲು 3.6ರಿಂದ ಗುಣಿಸಬೇಕು. 3.6 ಎಂದರೆ ನಾಲ್ಕರಲ್ಲಿ ಅದರದೇ ಹತ್ತನೆಯ ಒಂದು ಭಾಗ ಕಡಿಮೆ. ಹಾಗಾಗಿ ನಾಲ್ಕು ಪಟ್ಟು ಮಾಡಿ, ಬಂದದ್ದರಲ್ಲಿ ಹತ್ತನೆಯ ಒಂದು ಭಾಗ ಕಳೆದರೆ ಆಯಿತು. ಸೆಕೆಂಡಿಗೆ 35 ಮೀಟರ್ ಇದ್ದರೆ ನಾಲ್ಕು ಪಟ್ಟು 140, ಅದರಲ್ಲಿ 14 ಹೋದರೆ 126. ಇದು ಅಂದಾಜಲ್ಲ, ನಿಖರ ಉತ್ತರ.

ಗಂಟೆಯಿಂದ ಸೆಕೆಂಡಿಗೆ ಇಳಿಯುವಾಗ ಇದನ್ನೇ ಹಿಂದೆ ನಡೆಸಬೇಕು, ಅಂದರೆ ನಾಲ್ಕರಿಂದ ಭಾಗಿಸಿ ಏನನ್ನೋ ಕೂಡಿಸಬೇಕು. ಆದರೆ ಕೂಡಿಸಬೇಕಾದ್ದು ಹತ್ತನೆಯ ಭಾಗವಲ್ಲ, ಒಂಬತ್ತನೆಯ ಭಾಗ. ಇಲ್ಲಿ ಜಾಣರೂ ಎಡವುತ್ತಾರೆ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತು ಉಳಿಯುತ್ತದೆ. ಆ ಒಂಬತ್ತನ್ನು ಮತ್ತೆ ಹತ್ತು ಮಾಡಲು ಅದರ ಒಂಬತ್ತನೆಯ ಒಂದು ಭಾಗವನ್ನೇ ಸೇರಿಸಬೇಕಾಗುತ್ತದೆ. 72ರ ಕಾಲು ಭಾಗ 18, ಅದರ ಒಂಬತ್ತನೆಯ ಒಂದು ಭಾಗ 2, ಒಟ್ಟು 20. ಹತ್ತನೆಯ ಭಾಗ ಕೂಡಿಸಿದರೆ 19.8 ಬರುತ್ತದೆ, ನೂರಕ್ಕೆ ಒಂದು ಕಡಿಮೆ. ಆಯ್ಕೆಗಳು ಒಂದಕ್ಕೊಂದು ದೂರ ಇದ್ದಾಗ ಅಷ್ಟು ವ್ಯತ್ಯಾಸ ನಡೆಯುತ್ತದೆ, ಹತ್ತಿರ ಇದ್ದಾಗ ನಡೆಯುವುದಿಲ್ಲ.

ಹತ್ತಿರದ ಆಯ್ಕೆಗಳು ಬರುವುದು ಸಾಮಾನ್ಯವಾಗಿ ವೇಗ 60 ಇದ್ದಾಗ. 400 ಮೀಟರ್ ಉದ್ದದ ರೈಲು ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಕಂಬವನ್ನು ದಾಟಬೇಕು. 60ನ್ನು 5/18ರಿಂದ ಗುಣಿಸಿದರೆ 50/3. ಇಲ್ಲಿ ಕೈ ತಡೆಯಬೇಕು. ಇದನ್ನು 16.66 ಎಂದೋ 17 ಎಂದೋ ಬರೆದುಕೊಂಡವರು 400ನ್ನು ಅದರಿಂದ ಭಾಗಿಸುತ್ತ ಹೊತ್ತು ಕಳೆಯುತ್ತಾರೆ. 17ರಿಂದ ಭಾಗಿಸಿದವರಿಗೆ 23.5 ಬರುತ್ತದೆ, ಅದೂ ಆಯ್ಕೆಗಳಲ್ಲಿ ಇರಬಹುದು. ಭಿನ್ನರಾಶಿಯನ್ನು ಹಾಗೆಯೇ ಬಿಟ್ಟರೆ 400ನ್ನು 3ರಿಂದ ಗುಣಿಸಿ 50ರಿಂದ ಭಾಗಿಸುವುದಷ್ಟೇ ಉಳಿಯುತ್ತದೆ. ಉತ್ತರ ಸರಿಯಾಗಿ 24 ಸೆಕೆಂಡು. ದಶಮಾಂಶಕ್ಕೆ ಹೋಗುವುದಿದ್ದರೆ ಲೆಕ್ಕದ ಕೊನೆಯಲ್ಲಿ ಹೋಗಬೇಕು, ನಡುವೆ ಅಲ್ಲ.

ಎದುರುಬದುರು ಬರುವ ರೈಲುಗಳಲ್ಲೂ ಇದೇ ಎಚ್ಚರ ಬೇಕು. ಮಿರಜದಿಂದ ಬೆಳಗಾವಿ ಕಡೆಗೆ ಒಂದು ರೈಲು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೊರಟಿದೆ, ಪಕ್ಕದ ಹಳಿಯಲ್ಲಿ ಶೇಡಬಾಳ ಕಡೆಯಿಂದ ಇನ್ನೊಂದು 58ರಲ್ಲಿ ಬರುತ್ತಿದೆ ಎಂದುಕೊಳ್ಳಿ. ಎರಡನ್ನೂ ಬೇರೆ ಬೇರೆಯಾಗಿ ಬದಲಿಸಿದರೆ 13.89 ಮತ್ತು 16.11 ಎಂಬ ಒರಟು ಸಂಖ್ಯೆಗಳು ಸಿಗುತ್ತವೆ. ಮೊದಲು ಕೂಡಿಸಿದರೆ 108, ಅದು ಮಗ್ಗಿಯಲ್ಲೇ ಇದೆ, ಸೆಕೆಂಡಿಗೆ 30 ಮೀಟರ್. ಎರಡೂ ರೈಲುಗಳ ಉದ್ದ ಸೇರಿ 450 ಮೀಟರ್ ಆದರೆ 15 ಸೆಕೆಂಡಿನಲ್ಲಿ ಒಂದನ್ನೊಂದು ದಾಟುತ್ತವೆ. ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಕೂಡಿಸುವ ಬದಲು ಕಳೆಯಬೇಕು, ಆಮೇಲೆ ಒಮ್ಮೆ ಮಾತ್ರ ಬದಲಿಸಬೇಕು.

ಈ 3.6ನ್ನು ಹಳಿಯ ಮೇಲೆಯೇ ಕಾಣಬಹುದು. ಹಳಿಯ ಪಕ್ಕದಲ್ಲಿ ಕಿಲೋಮೀಟರ್ ಸಂಖ್ಯೆ ಬರೆದ ಫಲಕಗಳಿರುತ್ತವೆ. ಕಿಟಕಿ ಬಳಿ ಕುಳಿತು ಒಂದು ಫಲಕದಿಂದ ಮುಂದಿನ ಫಲಕಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ, 3600ನ್ನು ಅದರಿಂದ ಭಾಗಿಸಿದರೆ ರೈಲಿನ ವೇಗ ಗಂಟೆಯ ಲೆಕ್ಕದಲ್ಲಿ ಬರುತ್ತದೆ. 40 ಸೆಕೆಂಡಾದರೆ 90. ಅದೇ 40ರಿಂದ 1000ವನ್ನು ಭಾಗಿಸಿದರೆ ಸೆಕೆಂಡಿಗೆ 25 ಮೀಟರ್. ವಿದ್ಯುತ್ ತಂತಿಯ ಕಂಬಗಳನ್ನು ಎಣಿಸಿ ಇದನ್ನು ಮಾಡಲು ಹೋಗಬೇಡಿ. ತಿರುವುಗಳಲ್ಲಿ ಅವು ಒತ್ತೊತ್ತಾಗಿ, ನೇರ ಹಳಿಯಲ್ಲಿ ದೂರ ದೂರ ಇರುತ್ತವೆ.

ಹಿಂದೆ ಇದಕ್ಕೆ ಗಡಿಯಾರದ ಜೊತೆ ಕಿವಿಯೂ ಸಾಕಾಗುತ್ತಿತ್ತು. ಬ್ರಾಡ್‌ಗೇಜ್ ಹಳಿಯ ಒಂದು ತುಂಡಿನ ಉದ್ದ 13 ಮೀಟರ್. ಎರಡು ತುಂಡು ಕೂಡುವಲ್ಲಿ ಗಾಲಿಗಳು ಟಕ್ಕೆಂದು ಸದ್ದು ಮಾಡುತ್ತಿದ್ದವು. 13ನ್ನು 3.6ರಿಂದ ಗುಣಿಸಿದರೆ 46.8. ಆದ್ದರಿಂದ 47 ಸೆಕೆಂಡಿನಲ್ಲಿ ಎಷ್ಟು ಸಂದುಗಳು ದಾಟಿದವೋ ರೈಲಿನ ವೇಗ ಗಂಟೆಗೆ ಸುಮಾರು ಅಷ್ಟೇ ಕಿಲೋಮೀಟರ್. ಮೀಟರ್‌ಗೇಜ್ ಹಳಿಯ ತುಂಡು 12 ಮೀಟರ್ ಇದ್ದುದರಿಂದ ಅಲ್ಲಿ 43 ಸೆಕೆಂಡು ಎಣಿಸಬೇಕಿತ್ತು. ಈಗ ಹಳಿಗಳನ್ನು ಉದ್ದುದ್ದ ಬೆಸೆದಿರುವುದರಿಂದ ಆ ಸದ್ದು ಬಹಳ ಕಡೆ ನಿಂತುಹೋಗಿದೆ. ಆದರೆ ಉಪಾಯ ಇನ್ನೂ ಬಳಕೆಗೆ ಬರುತ್ತದೆ. ಇಂದಿನ ಎಲ್‌ಎಚ್‌ಬಿ ಬೋಗಿಯ ಉದ್ದ ಹತ್ತಿರ ಹತ್ತಿರ 24 ಮೀಟರ್. ಗೇಟಿನ ಹಿಂದೆ ನಿಂತಾಗ 10 ಬೋಗಿಗಳು 10 ಸೆಕೆಂಡಿನಲ್ಲಿ ಹಾದುಹೋದರೆ ವೇಗ ಸೆಕೆಂಡಿಗೆ 24 ಮೀಟರ್. ನಾಲ್ಕು ಪಟ್ಟು 96, ಅದರಲ್ಲಿ 9.6 ಕಳೆದರೆ ಗಂಟೆಗೆ 86.4 ಕಿ.ಮೀ.

ಈ ದಾರಿಗಳು ಕೈಕೊಡುವ ಜಾಗವೂ ಒಂದಿದೆ: ವೇಗದ ವರ್ಗ ಬರುವ ಲೆಕ್ಕ. ಹತ್ತನೆಯ ತರಗತಿಯ ಮುಂದಿನ ಭೌತಶಾಸ್ತ್ರದಲ್ಲಿ ಇವು ಹೆಚ್ಚು. ಗಂಟೆಗೆ 90 ಕಿ.ಮೀ. ವೇಗದಲ್ಲಿರುವ ರೈಲಿಗೆ ಬ್ರೇಕ್ ಹಾಕಿದಾಗ ಪ್ರತಿ ಸೆಕೆಂಡಿಗೆ ಅದರ ವೇಗ ಸೆಕೆಂಡಿಗೆ 0.5 ಮೀಟರಿನಷ್ಟು ಇಳಿಯುತ್ತದೆ ಎನ್ನೋಣ. ನಿಲ್ಲುವ ಮೊದಲು ಅದು ಎಷ್ಟು ದೂರ ಹೋಗುತ್ತದೆ? ವೇಗದ ವರ್ಗವನ್ನು ಆ 0.5ರ ಎರಡು ಪಟ್ಟಿನಿಂದ, ಅಂದರೆ 1ರಿಂದ, ಭಾಗಿಸಬೇಕು. ಮೊದಲೇ 25 ಮಾಡಿಕೊಂಡವರಿಗೆ 625 ಮೀಟರ್ ಬರುತ್ತದೆ. 90ರ ವರ್ಗ 8100 ಮಾಡಿ, ಆಮೇಲೆ ನೆನಪಾಗಿ 3.6ರಿಂದ ಭಾಗಿಸಿದವರಿಗೆ 2250 ಬರುತ್ತದೆ. ಅದು ತಪ್ಪು. ವೇಗ ಎರಡು ಸಲ ಗುಣವಾಗಿರುವಾಗ 3.6ರಿಂದಲೂ ಎರಡು ಸಲ ಭಾಗಿಸಬೇಕು, ಅಂದರೆ 12.96ರಿಂದ. ಚಲನಶಕ್ತಿಯ ಲೆಕ್ಕಕ್ಕೂ ಇದೇ ನಿಯಮ. ವರ್ಗ ಕಂಡ ಕೂಡಲೇ ಮೊದಲು ಬದಲಿಸಿ, ಆಮೇಲೆ ವರ್ಗ ಮಾಡಿ.

ಉತ್ತರ ಗುರುತು ಹಾಕುವ ಮುನ್ನ ಅದನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ನೋಡಲು ಐದು ಸೆಕೆಂಡು ಸಾಕು. ಮೊದಲಿನ ಲೆಕ್ಕದಲ್ಲಿ 8.33 ಸರಿಯಾಗಿದ್ದರೆ ರೈಲು ಸೆಕೆಂಡಿಗೆ 72 ಮೀಟರ್ ಓಡಬೇಕಿತ್ತು. ನಾಲ್ಕು ಪಟ್ಟು 288, ಅದರಲ್ಲಿ 28.8 ಕಳೆದರೆ ಗಂಟೆಗೆ 259.2 ಕಿ.ಮೀ. ಮಿರಜ ಮಾರ್ಗದಲ್ಲಿ ಅಂಥ ವೇಗದ ರೈಲು ಇಲ್ಲ. ರೈಲ್ವೆ ಪರೀಕ್ಷೆಯಲ್ಲಿ ತಪ್ಪು ಉತ್ತರ ಒಂದಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಳೆಯುತ್ತಾರೆ. ಅದಕ್ಕಾಗಿ ಕಚ್ಚಾ ಹಾಳೆಯಲ್ಲಿ ಬರೆಯುವ ಪ್ರತಿ ಸಂಖ್ಯೆಯ ಮುಂದೆ ಅದರ ಅಳತೆಯನ್ನೂ ಬರೆಯಿರಿ. ಮೀಟರಿನ ಎದುರು ಕಿಲೋಮೀಟರ್ ನಿಂತಿದ್ದರೆ ಭಾಗಿಸುವ ಮೊದಲೇ ಕಣ್ಣಿಗೆ ಬೀಳುತ್ತದೆ.